ಮೂರು ಮಾತು, ಒಂದೇ ಅಚ್ಚು: ಸಭೆಯಲ್ಲಿ ಹೇಳಿದ್ದು ಕೇಳುಗರ ನೆನಪಿನಲ್ಲಿ ಉಳಿಯುವಂತೆ ಕಟ್ಟುವ ಕ್ರಮ

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕ ಸಭೆಗಳಲ್ಲಿ ಕಾರ್ಯಕರ್ತರೊಬ್ಬರಿಗೆ ಮಾತನಾಡಲು ಸಿಗುವುದು ಹೆಚ್ಚೆಂದರೆ ನಾಲ್ಕೈದು ನಿಮಿಷ. ವರದಿ ವಾಚನ ಮುಗಿದಿರುತ್ತದೆ, ಸನ್ಮಾನ ಬಾಕಿ ಇರುತ್ತದೆ, ಹಿಂದಿನ ಸಾಲಿನಲ್ಲಿ ಕುಳಿತವರು ವಿರಾರಿಗೋ ಪನವೇಲಿಗೋ ಹಿಂತಿರುಗುವ ರೈಲಿನ ಹೊತ್ತನ್ನು ಲೆಕ್ಕ ಹಾಕುತ್ತಿರುತ್ತಾರೆ. ಇಂಥ ಸಭೆಯಲ್ಲಿ ಹೇಳಿದ ಮಾತಿನ ಪೈಕಿ ಯಾವುದು ಕೇಳುಗರೊಂದಿಗೆ ಮನೆಗೆ ಹೋಗಬೇಕು ಎಂಬುದನ್ನು ಮಾತನಾಡುವವರು ಮೊದಲೇ ನಿರ್ಧರಿಸಿ, ಅದನ್ನು ನೆನಪಿನಲ್ಲಿ ಉಳಿಯುವ ರೂಪದಲ್ಲಿ ಕಟ್ಟಿಕೊಂಡು ಬರಬೇಕಾಗುತ್ತದೆ. ಓದುಗರಿಗೆ ಹಿಂದಿನ ಸಾಲಿಗೆ ಮರಳಿ ಕಣ್ಣಾಡಿಸುವ ಅವಕಾಶವಿದೆ, ಕೇಳುಗರಿಗೆ ಅದಿಲ್ಲ.

ಹೀಗೆ ಕಟ್ಟುವುದಕ್ಕೆ ಹಳೆಯ ಮತ್ತು ನಂಬಲರ್ಹವಾದ ಉಪಾಯವೆಂದರೆ ಹೇಳಬೇಕಾದುದನ್ನು ಮೂರು ಅಂಶಗಳಾಗಿ ಮಾಡಿ, ಆ ಮೂರನ್ನೂ ಒಂದೇ ವಾಕ್ಯರಚನೆಯಲ್ಲಿ, ಅಂದರೆ ಒಂದೇ ಅಚ್ಚಿನಲ್ಲಿ ಹೇಳುವುದು. ಈ ಲೇಖನದಲ್ಲಿ ಅದರ ಒಂದು ಬಗೆಯನ್ನು ಮಾತ್ರ ತೆಗೆದುಕೊಂಡಿದ್ದೇನೆ: ಕೇಳುಗರಿಂದ ಏನನ್ನೋ ಮಾಡಿಸಬೇಕಾಗಿರುವಾಗ ಬಳಸುವ ಮೂರು ಮಾತು. ಉದಾಹರಣೆಗೆ, ನನ್ನ ಪರಿಚಯದ ಡೊಂಬಿವಿಲಿಯ ಕಾರ್ಯಕರ್ತೆಯೊಬ್ಬರು ತಮ್ಮ ಸಂಘದ ಮಕ್ಕಳ ಕನ್ನಡ ತರಗತಿಯ ಬಗ್ಗೆ ಪೋಷಕರ ಮುಂದೆ ಮಾಡಿದ ನಾಲ್ಕು ನಿಮಿಷದ ಭಾಷಣವನ್ನು ಆರಿಸಿಕೊಂಡಿದ್ದೇನೆ. ಅವರು ಮತ್ತು ನಾನು ಕುಳಿತು ಅದನ್ನು ತಿದ್ದಿದ ಕ್ರಮವನ್ನೇ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಕೊಡುತ್ತೇನೆ.

ಮೂರೇ ಏಕೆ

ಏಕಕಾಲಕ್ಕೆ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ಅಂಶಗಳು ಸುಮಾರು ಏಳು ಎಂದು 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಬರೆದದ್ದು ಬಹಳ ಪ್ರಸಿದ್ಧ. ಆದರೆ 2001ರಲ್ಲಿ ನೆಲ್ಸನ್ ಕೋವನ್ ಆವರೆಗಿನ ಪ್ರಯೋಗಗಳನ್ನು ಮತ್ತೆ ಪರಿಶೀಲಿಸಿ, ಬಾಯಿಪಾಠ ಮಾಡಿಕೊಳ್ಳಲು ಅವಕಾಶವಿಲ್ಲದಾಗ ಆ ಸಂಖ್ಯೆ ಸುಮಾರು ನಾಲ್ಕಕ್ಕೆ ಇಳಿಯುತ್ತದೆ ಎಂದು ತೋರಿಸಿದರು. ಸಭೆಯಲ್ಲಿ ಕುಳಿತವರು ಹಿಂದಿನ ಅಂಶವನ್ನು ಹಿಡಿದುಕೊಂಡೇ ಮುಂದಿನದನ್ನು ಕೇಳಿಸಿಕೊಳ್ಳಬೇಕು. ಆದ್ದರಿಂದ ಮೂರು ಅಂಶಗಳೆಂದರೆ ಆ ಮಿತಿಯೊಳಗೆ ಸ್ವಲ್ಪ ಜಾಗ ಉಳಿಸಿಕೊಂಡಂತೆ.

ಮೇಲುಮಿತಿಯ ಬಗ್ಗೆ ಇನ್ನೊಂದು ಅಧ್ಯಯನವೂ ಇಲ್ಲಿ ನೆರವಾಗುತ್ತದೆ. ಸುಝೇನ್ ಶು ಮತ್ತು ಕರ್ಟ್ ಕಾರ್ಲ್‌ಸನ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೇಳುವವರ ಉದ್ದೇಶ ತಮ್ಮನ್ನು ಒಪ್ಪಿಸುವುದೇ ಎಂದು ಕೇಳುಗರಿಗೆ ತಿಳಿದಿರುವಾಗ ಮೂರು ಗುಣಗಳನ್ನು ಹೇಳಿದರೆ ಒಳ್ಳೆಯ ಅಭಿಪ್ರಾಯ ಮೂಡಿತು. ನಾಲ್ಕನೆಯದನ್ನು ಸೇರಿಸಿದೊಡನೆ ಅನುಮಾನ ಹುಟ್ಟಿತು. ಸಂಘದ ವೇದಿಕೆಯಿಂದ ಮನವಿ ಮಾಡುವವರ ಸ್ಥಿತಿ ಇದೇ ಆಗಿರುವುದರಿಂದ, ನಾಲ್ಕನೆಯ ಅಂಶವನ್ನು ಬಿಡಲು ಮನಸ್ಸು ಬಾರದಾಗ ಈ ಫಲಿತಾಂಶವನ್ನು ನೆನಪಿಸಿಕೊಳ್ಳುವುದು ಒಳಿತು. ಒಪ್ಪಿಸುವ ಉದ್ದೇಶವಿಲ್ಲದ ಮಾಹಿತಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅರ್ಜಿಯೊಂದಿಗೆ ಐದು ದಾಖಲೆಗಳು ಬೇಕಾಗಿದ್ದರೆ ಐದನ್ನೂ ಹೇಳಬೇಕು, ಜೊತೆಗೆ ಕಾಗದದಲ್ಲಿ ಬರೆದೂ ಕೊಡಬೇಕು.

ಮೊದಲ ಹೆಜ್ಜೆ: ಒಂದು ಪ್ರಶ್ನೆಯನ್ನು ಆರಿಸಿಕೊಳ್ಳುವುದು

ಕಾರ್ಯಕರ್ತೆಯವರ ಮೊದಲ ಕರಡಿನಲ್ಲಿ ಎಂಟು ಸಂಗತಿಗಳಿದ್ದವು. ಮಕ್ಕಳಿಗೆ ಕನ್ನಡ ಓದಲು ಬರುತ್ತಿಲ್ಲ, ಊರಿಗೆ ಹೋದಾಗ ಅಜ್ಜ ಅಜ್ಜಿಯರೊಂದಿಗೆ ಹಿಂದಿಯಲ್ಲಿ ಉತ್ತರಿಸುತ್ತಾರೆ, ತರಗತಿ ಉಚಿತ, ಅದು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ನಡೆಯುತ್ತದೆ, ಪುಸ್ತಕಗಳನ್ನು ಸಂಘವೇ ಕೊಡುತ್ತದೆ, ಕಲಿಸುವವರ ಕೊರತೆಯಿದೆ, ಮನೆಯಲ್ಲೂ ಕನ್ನಡದ ವಾತಾವರಣ ಇರಬೇಕು, ವರ್ಷದ ಕೊನೆಯಲ್ಲಿ ಮಕ್ಕಳ ನಾಟಕ ಮಾಡಿಸುವ ಆಲೋಚನೆಯಿದೆ. ಎಂಟೂ ನಿಜ, ಎಂಟೂ ಅವರಿಗೆ ಮುಖ್ಯ. ಆದರೆ ಇವು ಒಂದೇ ಜಾತಿಯ ಸಂಗತಿಗಳಲ್ಲ: ಕೆಲವು ಸಮಸ್ಯೆಗಳು, ಕೆಲವು ಅನುಕೂಲಗಳು, ಒಂದು ಸಂಘದ ಒಳಗಿನ ತೊಂದರೆ, ಇನ್ನೊಂದು ಮುಂದಿನ ಯೋಜನೆ. ಇವುಗಳಲ್ಲಿ ಅತಿ ಮುಖ್ಯವಾದ ಮೂರನ್ನು ಆರಿಸಿ ಉಳಿದವನ್ನು ಬಿಡುವುದು ಹೆಚ್ಚಿನವರು ಮಾಡುವ ಕೆಲಸ. ಆಗ ಸಿಗುವುದು ಒಂದಕ್ಕೊಂದು ಸಂಬಂಧವಿಲ್ಲದ ಮೂರು ತುಣುಕುಗಳು ಮಾತ್ರ.

ಮೂರನ್ನು ಹುಡುಕುವ ಮೊದಲು ಆ ಮೂರೂ ಉತ್ತರಿಸಬೇಕಾದ ಒಂದು ಪ್ರಶ್ನೆಯನ್ನು ಬರೆದುಕೊಳ್ಳಬೇಕು. ಇಲ್ಲಿ ಆ ಪ್ರಶ್ನೆ ‘ಕನ್ನಡ ಏಕೆ ಬೇಕು’ ಎಂಬುದಾಗಬಹುದಿತ್ತು. ಆದರೆ ಕನ್ನಡ ಸಂಘದ ಸಭೆಗೆ ರಜೆಯ ದಿನ ಬಂದು ಕುಳಿತ ತಂದೆ ತಾಯಂದಿರಿಗೆ ಅದನ್ನು ಒಪ್ಪಿಸಬೇಕಾಗಿಲ್ಲ. ಅವರಿಗೆ ಗೊತ್ತಿಲ್ಲದಿರುವುದು ವಾರದ ಓಡಾಟದ ನಡುವೆ ತಾವು ಏನು ಮಾಡಬಹುದು ಎಂಬುದು. ಹಾಗಾಗಿ ‘ಈ ವಾರದಿಂದಲೇ ಪೋಷಕರು ಮಾಡಬೇಕಾದದ್ದೇನು’ ಎಂಬ ಪ್ರಶ್ನೆಯನ್ನು ಇಟ್ಟುಕೊಂಡೆವು. ಪ್ರಶ್ನೆ ಖಚಿತವಾದ ಕೂಡಲೇ ಎಂಟು ಸಂಗತಿಗಳಿಗೂ ಅವುಗಳ ಜಾಗ ತಾನಾಗಿ ತಿಳಿಯತೊಡಗಿತು. ಮನೆಯಲ್ಲಿ ಮಾತಾಡುವುದು, ಓದಿಸುವುದು, ತರಗತಿಗೆ ಕಳಿಸುವುದು ಎಂಬ ಮೂರು ಉತ್ತರಗಳಾದವು. ಅಜ್ಜ ಅಜ್ಜಿಯರ ವಿಷಯ ಮೊದಲನೆಯದರ ಕೆಳಗೆ, ಸಂಘ ಕೊಡುವ ಪುಸ್ತಕ ಎರಡನೆಯದರ ಕೆಳಗೆ, ಸಮಯ ಮತ್ತು ಶುಲ್ಕವಿಲ್ಲವೆಂಬ ಮಾಹಿತಿ ಮೂರನೆಯದರ ಕೆಳಗೆ ಬಂದವು. ಕಲಿಸುವವರ ಕೊರತೆಯನ್ನು ಈ ಭಾಷಣದಿಂದ ತೆಗೆದು ಕಾರ್ಯಕಾರಿ ಸಮಿತಿಯ ಸಭೆಗೆ ಬಿಟ್ಟೆವು. ನಾಟಕದ ಮಾತನ್ನು ತರಗತಿ ತುಂಬಿದ ಮೇಲೆ ಆಡಿದರೆ ಸಾಕು ಎಂದು ಅವರೇ ತೀರ್ಮಾನಿಸಿದರು.

ಮೂರು ಉತ್ತರಗಳು ಸಿಕ್ಕ ಮೇಲೆ ಒಂದು ಪರೀಕ್ಷೆ ಮಾಡಬೇಕು. ಮೂರರಲ್ಲಿ ಯಾವುದಾದರೊಂದನ್ನು ಮುಚ್ಚಿಟ್ಟು ಉಳಿದೆರಡನ್ನು ಓದಿದಾಗ ಏನೋ ನಿಜವಾಗಿ ಕಳೆದುಹೋಗಬೇಕು. ‘ನಮ್ಮ ಭಾಷೆ, ನಮ್ಮ ಸಂಸ್ಕೃತಿ, ನಮ್ಮ ಪರಂಪರೆ’ ಎಂಬ ಮಾತು ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದರಲ್ಲಿ ಪರಂಪರೆಯನ್ನು ತೆಗೆದರೆ ಅರ್ಥಕ್ಕೆ ಯಾವ ಕೊರತೆಯೂ ಆಗುವುದಿಲ್ಲ. ಸಂಖ್ಯೆ ತುಂಬಿಸಲು ಬಂದ ಇಂಥ ಮೂರನೆಯ ಪದವನ್ನು ಕೇಳುಗರ ಕಿವಿ ಬಹಳ ಬೇಗ ಗುರುತಿಸುತ್ತದೆ, ಗುರುತಿಸಿದ ಮೇಲೆ ಉಳಿದೆರಡರ ತೂಕವೂ ಇಳಿಯುತ್ತದೆ. ನಿಜವಾಗಿ ಇರುವುದು ಎರಡೇ ಅಂಶವಾದರೆ ಎರಡನ್ನೇ ಹೇಳುವುದು ಮೇಲು. ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ 1942ರ ಆಗಸ್ಟ್ 8ರಂದು ಗಾಂಧೀಜಿ ಕೊಟ್ಟ ಕರೆ ಕನ್ನಡದಲ್ಲಿ ‘ಮಾಡು ಇಲ್ಲವೇ ಮಡಿ’ ಎಂದು ಪ್ರಚಲಿತವಾಗಿದೆ. ಅಲ್ಲಿದ್ದದ್ದು ಒಂದು ಆಯ್ಕೆ. ಆಯ್ಕೆಗೆ ಎರಡು ಬದಿಗಳೇ ಇರುತ್ತವೆ, ಮೂರನೆಯದನ್ನು ಸೇರಿಸಿದ್ದರೆ ಕರೆಯ ಬಿಗಿ ಹೋಗುತ್ತಿತ್ತು.

ಎರಡನೆಯ ಹೆಜ್ಜೆ: ಮೂರನ್ನೂ ಒಂದೇ ಅಚ್ಚಿಗೆ ತರುವುದು

ಅವರು ಮೊದಲು ಬರೆದಿದ್ದ ವಾಕ್ಯ ಹೀಗಿತ್ತು: ‘ಮಕ್ಕಳನ್ನು ಭಾನುವಾರದ ತರಗತಿಗೆ ಕಳುಹಿಸುವುದು, ಮನೆಯಲ್ಲಿ ಕನ್ನಡದ ಬಳಕೆ ಹಾಗೂ ರಾತ್ರಿ ಪುಸ್ತಕದ ಒಂದು ಪುಟವನ್ನಾದರೂ ಓದಿಸಲು ಪ್ರಯತ್ನಿಸಬೇಕೆಂದು ಎಲ್ಲ ಪೋಷಕರಲ್ಲಿ ವಿನಂತಿ.’ ಸುತ್ತೋಲೆಯಲ್ಲಿ ಅಚ್ಚಾಗಿದ್ದರೆ ಇದನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕೇಳಿದಾಗ ಮಾತ್ರ ಇದರ ತೊಡಕು ತಿಳಿಯುತ್ತದೆ. ಮೊದಲನೆಯದು ‘ಕಳುಹಿಸುವುದು’ ಎಂದು ಮುಗಿಯುತ್ತದೆ, ಎರಡನೆಯದು ‘ಬಳಕೆ’ ಎಂಬ ಬರಿಯ ನಾಮಪದ, ಮೂರನೆಯದು ‘ಪ್ರಯತ್ನಿಸಬೇಕು’ ಎಂಬ ವಿಧಿ. ಒಂದೊಂದು ಅಂಶಕ್ಕೂ ಕೇಳುಗರು ಹೊಸದಾಗಿ ಕಿವಿ ಹೊಂದಿಸಿಕೊಳ್ಳಬೇಕು. ಅಷ್ಟರಲ್ಲಿ ಹಿಂದಿನ ಅಂಶ ಮರೆಯಾಗುತ್ತದೆ.

ತಿದ್ದುವಾಗ ಮೂರನ್ನೂ ಒಂದರ ಕೆಳಗೊಂದು ಬರೆದು, ಪ್ರತಿಯೊಂದರಲ್ಲೂ ಯಾವ ಜಾಗದಲ್ಲಿ ಏನಿದೆ ಎಂದು ನೋಡಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕೊನೆಯ ಪದದಿಂದ ಆರಂಭಿಸುವುದು ಸುಲಭ. ಮೊದಲು ಮೂರು ಕ್ರಿಯಾಪದಗಳನ್ನು ಒಂದೇ ರೂಪಕ್ಕೆ ತಂದೆವು: ಮಾತಾಡಿಸಿ, ಓದಿಸಿ, ಕಳಿಸಿ. ಅನಂತರ ಪ್ರತಿಯೊಂದರ ಮುಂದೆ, ಅದು ಯಾವಾಗ ಆಗಬೇಕು ಎಂಬುದನ್ನು ಇಟ್ಟೆವು, ಏಕೆಂದರೆ ಪೋಷಕರ ನಿಜವಾದ ಅಡ್ಡಿ ಸಮಯದ್ದೇ ಆಗಿತ್ತು. ನಡುವೆ ಮೂರರಲ್ಲೂ ‘ಕನ್ನಡ’ ಎಂಬ ಪದವನ್ನು ಅದೇ ಜಾಗದಲ್ಲಿ ಉಳಿಸಿದೆವು. ಕೊನೆಗೆ ನಿಂತ ರೂಪ ಇದು:

ಉಣ್ಣುವಾಗ ಕನ್ನಡ ಮಾತಾಡಿಸಿ.
ಮಲಗುವಾಗ ಕನ್ನಡ ಓದಿಸಿ.
ಭಾನುವಾರ ಕನ್ನಡ ತರಗತಿಗೆ ಕಳಿಸಿ.

ಪ್ರತಿ ಸಾಲೂ ಹೊತ್ತಿನಿಂದ ಆರಂಭವಾಗುತ್ತದೆ, ನಡುವೆ ಕನ್ನಡ ಬರುತ್ತದೆ, ‘ಇಸಿ’ ಎಂದು ಮುಗಿಯುತ್ತದೆ. ಕೇಳುಗರಿಗೆ ಎರಡನೆಯ ಸಾಲಿನ ಹೊತ್ತಿಗೆ ಅಚ್ಚು ಪರಿಚಯವಾಗಿರುವುದರಿಂದ ಅವರ ಗಮನವೆಲ್ಲ ಬದಲಾಗುವ ಪದಗಳ ಮೇಲೆ ನಿಲ್ಲುತ್ತದೆ. ಆ ಪದಗಳೇ ನೆನಪಿರಬೇಕಾದವು. ಅಚ್ಚಿನಲ್ಲಿ ಏನು ಬದಲಾಗದೆ ಉಳಿಯಬೇಕು, ಏನು ಬದಲಾಗಬೇಕು ಎಂಬ ಆಯ್ಕೆಯೇ ಈ ಹೆಜ್ಜೆಯ ಮುಖ್ಯ ಕೆಲಸ. ಮೂರು ಸಾಲುಗಳಲ್ಲಿ ‘ಕನ್ನಡ’ ಮೂರು ಸಲ ಬಂತಲ್ಲ, ಪುನರುಕ್ತಿಯಾಗಲಿಲ್ಲವೇ ಎಂದು ಅವರು ಕೇಳಿದರು. ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಕಲಿತ ಆ ಎಚ್ಚರ ಬರಹಕ್ಕೆ ಸರಿ. ಭಾಷಣದಲ್ಲಿ ಒಂದೇ ಪದ ಒಂದೇ ಜಾಗದಲ್ಲಿ ಮರಳಿ ಬಂದಾಗ ಅದು ದೋಷವಾಗುವುದಿಲ್ಲ. ಒಂದು ಕಡೆ ‘ಕನ್ನಡ’, ಇನ್ನೊಂದು ಕಡೆ ‘ಮಾತೃಭಾಷೆ’, ಮತ್ತೊಂದು ಕಡೆ ‘ತಾಯ್ನುಡಿ’ ಎಂದು ಬದಲಿಸಿದರೆ ಕೇಳುಗರು ಇವು ಮೂರು ಬೇರೆ ವಿಷಯಗಳೇ ಎಂದು ಕ್ಷಣಕಾಲ ಯೋಚಿಸಬೇಕಾಗುತ್ತದೆ.

ಮುಂಬಯಿಯಲ್ಲಿರುವ ನಮಗೆ ಇದೇ ಬಗೆಯ ಅಚ್ಚು ಮರಾಠಿಯಲ್ಲಿಯೂ ಪರಿಚಿತ. ‘ಶಿಕಾ, ಸಂಘಟಿತ್ ವ್ಹಾ, ಸಂಘರ್ಷ್ ಕರಾ’ ಎಂದು ಡಾ. ಅಂಬೇಡ್ಕರ್ ಅವರ ಸಂದೇಶವಾಗಿ ಗೋಡೆಗಳ ಮೇಲೆ, ಫಲಕಗಳ ಮೇಲೆ ಕಾಣುವ ಮಾತಿನಲ್ಲಿ ಮೂರೂ ವಿಧಿರೂಪದ ಕ್ರಿಯೆಗಳು, ಮೂರೂ ಕೇಳುಗನನ್ನು ಕುರಿತೇ ಹೇಳಿದವು. ಒಂದು ಕ್ರಿಯೆ, ಒಂದು ನಾಮಪದ, ಒಂದು ಹಾರೈಕೆ ಎಂದು ಅದು ಚದುರಿದ್ದರೆ ಮೆರವಣಿಗೆಯಲ್ಲಿ ಸಾವಿರಾರು ಜನ ಒಂದೇ ದನಿಯಲ್ಲಿ ಕೂಗಲು ಬರುತ್ತಿರಲಿಲ್ಲ.

ಕನ್ನಡದಲ್ಲಿ ಅಚ್ಚು ಕಟ್ಟುವವರಿಗೆ ಎದುರಾಗುವ ವಿಶೇಷ ತೊಡಕೊಂದಿದೆ. ನಮ್ಮ ವಾಕ್ಯ ಸಹಜವಾಗಿಯೇ ‘ಬಂದು, ಕುಳಿತು, ಕೇಳಿ ಹೋದರು’ ಎಂದು ಸರಪಳಿಯಾಗಿ ಸಾಗುತ್ತದೆ. ಹಾಗೆ ಸಾಗಿದಾಗ ಪೂರ್ಣ ಕ್ರಿಯಾಪದ ಕೊನೆಯದೊಂದೇ. ಉಳಿದವು ಅದಕ್ಕೆ ಒರಗಿಕೊಂಡಿರುತ್ತವೆ. ‘ಮನೆಯಲ್ಲಿ ಮಾತಾಡಿಸುತ್ತಾ, ರಾತ್ರಿ ಓದಿಸಿ, ಭಾನುವಾರ ಕಳಿಸಬೇಕು’ ಎಂದರೆ ಕೇಳುಗರಿಗೆ ಉಳಿಯುವುದು ಕಳಿಸುವುದೊಂದೇ. ಆದ್ದರಿಂದ ಮುಖ್ಯ ಸಂದೇಶ ಬರುವ ಜಾಗದಲ್ಲಿ ಸರಪಳಿಯನ್ನು ಬಿಡಿಸಿ, ಮೂರು ಪೂರ್ಣ ವಾಕ್ಯಗಳನ್ನಾಗಿ ಮಾಡಬೇಕು. ಇದರ ಜೊತೆಗೆ ‘ಮಾತಾಡಿಸಿ’, ‘ಓದಿಸಿ’ ಎಂಬ ರೂಪಗಳು ವಿಧಿಯಾಗಿಯೂ ಕೇಳಬಹುದು, ‘ಮಾತಾಡಿಸಿದ ಮೇಲೆ’, ‘ಓದಿಸಿದ ಮೇಲೆ’ ಎಂಬ ಅರ್ಥದ ಸರಪಳಿಯ ತುಂಡಾಗಿಯೂ ಕೇಳಬಹುದು. ಬರಹದಲ್ಲಿ ಪೂರ್ಣವಿರಾಮ ಈ ಗೊಂದಲವನ್ನು ನೀಗಿಸುತ್ತದೆ. ಮಾತಿನಲ್ಲಿ ಅದನ್ನು ನೀಗಿಸಬೇಕಾದದ್ದು ದನಿ: ಪ್ರತಿ ಸಾಲಿನ ಕೊನೆಯಲ್ಲೂ ದನಿ ಇಳಿಯಬೇಕು, ನಿಲ್ಲಬೇಕು. ‘ಓದಿಸಿ’ ಎಂಬಲ್ಲಿ ದನಿ ಮೇಲಕ್ಕೇ ಉಳಿದರೆ ಸಭೆ ಮುಂದಿನ ಕ್ರಿಯಾಪದಕ್ಕಾಗಿ ಕಾಯುತ್ತದೆ. ದನಿಯ ಮೇಲೆ ಹಿಡಿತವಿಲ್ಲವೆನಿಸಿದರೆ ‘ಮಾತಾಡಿಸಿರಿ, ಓದಿಸಿರಿ, ಕಳಿಸಿರಿ’ ಎಂಬ ರೂಪವನ್ನು ಬಳಸಬಹುದು. ಅದು ಸ್ವಲ್ಪ ಹಳೆಯ ವೇದಿಕೆಯ ಕನ್ನಡದಂತೆ ಕೇಳಿಸಿದರೂ ಗೊಂದಲಕ್ಕೆ ಎಡೆಯಿರುವುದಿಲ್ಲ.

ಮೂರನೆಯ ಹೆಜ್ಜೆ: ಯಾವುದು ಮೊದಲು, ಯಾವುದು ಕೊನೆಗೆ

ಉದ್ದವಾದದ್ದು ಕೊನೆಗೆ ಬರಬೇಕು ಎಂಬುದು ಇಲ್ಲಿ ನಂಬಿ ಅನುಸರಿಸಬಹುದಾದ ನಿಯಮ. ಸಂಸ್ಕೃತದ ದ್ವಂದ್ವ ಸಮಾಸದಲ್ಲಿ ಕಡಿಮೆ ಸ್ವರಗಳಿರುವ ಪದ ಮೊದಲು ಬರುತ್ತದೆ ಎಂದು ಪಾಣಿನಿ ‘ಅಲ್ಪಾಚ್ತರಮ್’ ಎಂಬ ಸೂತ್ರದಲ್ಲಿ ಹೇಳಿದ್ದಾನೆ. ಯುರೋಪಿನ ಭಾಷೆಗಳನ್ನು ಗಮನಿಸಿದ ಜರ್ಮನ್ ವಿದ್ವಾಂಸ ಒಟ್ಟೋ ಬೆಹಾಗೆಲ್ ಕೂಡ 1909ರಲ್ಲಿ, ಸಾಲಾಗಿ ಹೇಳುವ ಅಂಶಗಳಲ್ಲಿ ಚಿಕ್ಕದು ಮುಂದೆ, ದೊಡ್ಡದು ಹಿಂದೆ ನಿಲ್ಲುವ ಒಲವನ್ನು ಗುರುತಿಸಿದರು. ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಹನ್ನೆರಡನೆಯ ಶತಮಾನದ ಬಸವಣ್ಣನವರ ವಚನದಲ್ಲಿದೆ: ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ.’ ಮೂರರಲ್ಲೂ ದೇಹದ ಭಾಗವೊಂದು ‘ಏ’ಕಾರದೊಂದಿಗೆ ಬಂದು ದೇವಾಲಯದ ಭಾಗವಾಗುತ್ತದೆ, ಅಚ್ಚು ಅದೇ. ಮೂರನೆಯದರಲ್ಲಿ ‘ಹೊನ್ನ’ ಎಂಬ ವಿಶೇಷಣವೂ ‘ಅಯ್ಯಾ’ ಎಂಬ ಸಂಬೋಧನೆಯೂ ಸೇರಿ ಸಾಲು ಉದ್ದವಾಗುತ್ತದೆ. ಜೊತೆಗೆ ಮಾತು ಕಾಲಿನಿಂದ ದೇಹಕ್ಕೆ, ದೇಹದಿಂದ ತಲೆಗೆ ಏರುತ್ತದೆ, ಆದ್ದರಿಂದ ಕ್ರಮ ತಪ್ಪಿ ನೆನಪಾಗುವ ಸಾಧ್ಯತೆಯೇ ಇಲ್ಲ.

ನಮ್ಮ ಮೂರು ಸಾಲುಗಳಲ್ಲಿ ಮೊದಲೆರಡಕ್ಕೆ ಹನ್ನೊಂದು ಹನ್ನೊಂದು ಅಕ್ಷರ, ಮೂರನೆಯದಕ್ಕೆ ಹದಿನೈದು. ಕ್ರಮವೂ ಮನೆಯಿಂದ ಹೊರಕ್ಕೆ, ಸುಲಭದಿಂದ ಕಷ್ಟಕ್ಕೆ ಸಾಗುತ್ತದೆ. ಊಟದ ಹೊತ್ತಿಗೆ ಮಾತಾಡಿಸಲು ಏನೂ ಬೇಕಾಗಿಲ್ಲ. ಓದಿಸಲು ಒಂದು ಪುಸ್ತಕ ಬೇಕು. ಭಾನುವಾರ ಬೆಳಿಗ್ಗೆ ಮಗುವನ್ನು ಎಬ್ಬಿಸಿ ಹೊರಡಿಸಲು ಇಡೀ ಮನೆಯ ಒಪ್ಪಿಗೆ ಬೇಕು. ಅವರ ಮೂಲ ಕರಡಿನಲ್ಲಿ ತರಗತಿಯೇ ಮೊದಲಿತ್ತು, ಏಕೆಂದರೆ ಅದೇ ಅವರಿಗೆ ಮುಖ್ಯವಾದ ಬೇಡಿಕೆ. ಮುಖ್ಯವಾದದ್ದು ಕೊನೆಗೆ ಬಂದರೆ ಅದರ ಮಹತ್ವ ಕಡಿಮೆಯಾಗುವುದಿಲ್ಲ. ಸಾಲಾಗಿ ಕೇಳಿದ ಅಂಶಗಳಲ್ಲಿ ಮೊದಲಿನವು ಮತ್ತು ಕೊನೆಯವು ನಡುವಿನವುಗಳಿಗಿಂತ ಚೆನ್ನಾಗಿ ನೆನಪಿರುತ್ತವೆ ಎಂಬುದು ಮನೋವಿಜ್ಞಾನದಲ್ಲಿ ದೃಢಪಟ್ಟ ವಿಷಯ; ಹಾಗೆಯೇ ಸಭೆ ಪ್ರತಿಕ್ರಿಯಿಸುವುದು ಮೂರನೆಯದು ಮುಗಿದ ಕ್ಷಣದಲ್ಲಿ. ಬ್ರಿಟನ್ನಿನ ಮ್ಯಾಕ್ಸ್ ಅಟ್ಕಿನ್ಸನ್ 1980ರ ದಶಕದಲ್ಲಿ ರಾಜಕೀಯ ಭಾಷಣಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಚಪ್ಪಾಳೆ ಹೆಚ್ಚಾಗಿ ಬೀಳುವ ಜಾಗಗಳಲ್ಲಿ ಮೂರರ ಪಟ್ಟಿ ಮತ್ತು ವಿರುದ್ಧ ಜೋಡಿ ಎರಡೂ ಪ್ರಮುಖವೆಂದು ಕಂಡುಕೊಂಡರು. ಮಾತು ಎಲ್ಲಿ ಮುಗಿಯುತ್ತದೆ ಎಂಬುದು ಸಭೆಗೆ ಮೊದಲೇ ಗೊತ್ತಾಗುವುದೇ ಇದಕ್ಕೆ ಕಾರಣ. ಮೂರನೆಯದರ ಬೆನ್ನಿಗೆ ನಾಲ್ಕನೆಯದನ್ನು ಹೇಳಿದವರು ಆ ಚಪ್ಪಾಳೆಯ ಮೇಲೆಯೇ ಮಾತಾಡಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಭಾಷಣದೊಳಗೆ ಕೂಡಿಸುವುದು

ಮೂರು ಸಾಲುಗಳನ್ನು ಭಾಷಣದಲ್ಲಿ ಎರಡು ಸಲ ಪೂರ್ತಿಯಾಗಿ, ಒಂದು ಅಕ್ಷರವೂ ಬದಲಾಗದಂತೆ ಹೇಳಬೇಕು: ಮೊದಲ ನಿಮಿಷದೊಳಗೆ ಒಮ್ಮೆ, ಕೊನೆಯಲ್ಲಿ ಒಮ್ಮೆ. ನಡುವೆ ಒಂದೊಂದನ್ನೇ ಎತ್ತಿಕೊಂಡು ಒಂದೊಂದು ನಿದರ್ಶನ ಕೊಡಬೇಕು, ಆಗಲೂ ಆಯಾ ಸಾಲಿನಿಂದಲೇ ಆರಂಭಿಸಬೇಕು.

‘ಉಣ್ಣುವಾಗ ಕನ್ನಡ ಮಾತಾಡಿಸಿ’ ಎಂದ ಮೇಲೆ ಕಾರ್ಯಕರ್ತೆಯವರು ಹೇಳಿದ್ದು ಇಷ್ಟು: ‘ಅನ್ನಕ್ಕೆ ಸಾರು ಹಾಕಲೇ, ಮಜ್ಜಿಗೆ ಬೇಕೇ, ಇವತ್ತು ಶಾಲೆಯಲ್ಲಿ ಯಾರ ಪಕ್ಕ ಕುಳಿತಿದ್ದೆ ಎಂದು ಕೇಳಿ. ಮಗು ಹಿಂದಿಯಲ್ಲೇ ಉತ್ತರ ಕೊಡಲಿ, ನೀವು ಮತ್ತೆ ಕನ್ನಡದಲ್ಲೇ ಕೇಳಿ. ರಜೆಗೆ ಊರಿಗೆ ಹೋದಾಗ ಅಜ್ಜಿ ಕೇಳುವುದೂ ಇವೇ ಪ್ರಶ್ನೆಗಳನ್ನು.’ ಮನೆಮಾತು ತುಳುವೋ ಕೊಂಕಣಿಯೋ ಆಗಿರುವ ಕುಟುಂಬಗಳು ಸಭೆಯಲ್ಲಿದ್ದುದರಿಂದ, ಊಟದ ಹೊತ್ತೊಂದನ್ನು ಮಾತ್ರ ಕನ್ನಡಕ್ಕೆ ಕೇಳುತ್ತಿದ್ದೇವೆ ಎಂದೂ ಸೇರಿಸಿದರು. ‘ಉಣ್ಣುವಾಗ’ ಎಂಬ ಪದ ಮೊದಲೇ ಆ ಗಡಿ ಹಾಕಿದ್ದರಿಂದ ಆ ಮಾತು ಬೇರೆಯದಾಗಿ ಕೇಳಿಸಲಿಲ್ಲ. ‘ಮಲಗುವಾಗ ಕನ್ನಡ ಓದಿಸಿ’ ಎಂಬುದರ ಕೆಳಗೆ ಸಂಘದ ಗ್ರಂಥಾಲಯದ ಮಕ್ಕಳ ಪುಸ್ತಕವೊಂದನ್ನು ಕೈಯಲ್ಲಿ ಎತ್ತಿ ಹಿಡಿದು, ಇದರ ಒಂದು ಪುಟ ಓದಲು ಮೂರು ನಿಮಿಷ ಸಾಕು ಎಂದು ಹೇಳಿದರು. ‘ಭಾನುವಾರ ಕನ್ನಡ ತರಗತಿಗೆ ಕಳಿಸಿ’ ಎಂದ ಮೇಲೆ ಸಮಯ, ಶುಲ್ಕವಿಲ್ಲವೆಂಬುದು, ಹೆಸರು ಬರೆಸಬೇಕಾದ ಮೇಜು ಬಾಗಿಲ ಬಳಿಯಿದೆ ಎಂಬುದು, ಅಷ್ಟೇ.

ಈ ಮೂರಲ್ಲದೆ ಅವರ ಭಾಷಣದಲ್ಲಿ ಬೇರೆ ಮೂರರ ಗುಂಪು ಇರಲಿಲ್ಲ, ಇರಬಾರದೆಂದು ನಾವು ಬೇಕೆಂದೇ ನೋಡಿಕೊಂಡೆವು. ಆರಂಭದಲ್ಲಿ ‘ಈ ನಗರದ ವೇಗ, ಒತ್ತಡ, ಸ್ಪರ್ಧೆ’ ಎಂದು ಬರೆದಿದ್ದನ್ನು ‘ಈ ನಗರದ ಓಡಾಟ’ ಎಂದಷ್ಟೇ ಉಳಿಸಿದೆವು. ಪ್ರತಿ ವಾಕ್ಯದಲ್ಲೂ ಮೂರು ಮೂರು ಪದಗಳನ್ನು ಜೋಡಿಸುವ ಭಾಷಣದಲ್ಲಿ ನೆನಪಿಡಬೇಕಾದ ಮೂರು ಯಾವುವು ಎಂದು ಕೇಳುಗರಿಗೆ ತಿಳಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಐದು ನಿಮಿಷದ ಮಾತಿಗೆ ಇಂಥ ಒಂದೇ ಗುಂಪು ಸಾಕು. ಅರ್ಧ ಗಂಟೆಯ ಉಪನ್ಯಾಸದಲ್ಲಿಯೂ ಎರಡಕ್ಕಿಂತ ಹೆಚ್ಚು ಬೇಡ.

ಐದನೆಯ ಹೆಜ್ಜೆ: ಕೇಳಿಸಿ ನೋಡುವುದು

ಕಣ್ಣಿನಿಂದ ಓದಿ ಸರಿಯೆನಿಸಿದ ಅಚ್ಚು ಕಿವಿಗೆ ಸರಿಯಾಗಿದೆಯೇ ಎಂದು ತಿಳಿಯಲು ಇನ್ನೊಬ್ಬರು ಬೇಕು. ವಿಷಯ ಮೊದಲೇ ಗೊತ್ತಿಲ್ಲದ ಒಬ್ಬರ ಮುಂದೆ ಭಾಷಣವನ್ನು ಒಮ್ಮೆ ಪೂರ್ತಿಯಾಗಿ ಹೇಳಿ, ಅವರಿಗೆ ಪರೀಕ್ಷೆಯ ಸುಳಿವು ಕೊಡದೆ, ಕೆಲವು ಗಂಟೆಗಳು ಕಳೆದ ಮೇಲೆ ಏನು ನೆನಪಿದೆ ಎಂದು ಕೇಳಬೇಕು. ಮಧ್ಯದ ಸಾಲು ಇನ್ನೂ ‘ರಾತ್ರಿ ಪುಸ್ತಕದ ಒಂದು ಪುಟವನ್ನಾದರೂ ಓದಿಸಲು ಪ್ರಯತ್ನಿಸಿ’ ಎಂದಿದ್ದಾಗಲೇ ಕಾರ್ಯಕರ್ತೆಯವರು ಬೆಳಿಗ್ಗೆ ತಮ್ಮ ಮಾವನವರಿಗೆ ಕೇಳಿಸಿ, ಸಂಜೆ ಚಹಾದ ಹೊತ್ತಿಗೆ ವಿಚಾರಿಸಿದರು.

‘ಮಾವ, ಬೆಳಿಗ್ಗೆ ಹೇಳಿದೆನಲ್ಲ, ಅದರಲ್ಲಿ ಏನು ನೆನಪಿದೆ ನಿಮಗೆ?’

‘ಊಟ ಮಾಡುವಾಗ ಕನ್ನಡದಲ್ಲಿ ಮಾತಾಡಿಸಬೇಕು ಅಂದೆ. ಭಾನುವಾರ ಕಳಿಸಬೇಕು ಅಂದೆ. ನಡುವೆ ಪುಸ್ತಕದ್ದು ಏನೋ ಇತ್ತಲ್ಲಮ್ಮ.’

ಇಂಥ ಉತ್ತರದಿಂದ ತಿದ್ದಬೇಕಾದ ಜಾಗ ನೇರವಾಗಿ ತಿಳಿಯುತ್ತದೆ. ಮೊದಲನೆಯದೂ ಕೊನೆಯದೂ ನಿಂತು ನಡುವಿನದು ಬಿದ್ದುಹೋದರೆ ನಡುವಿನ ಸಾಲು ಅಚ್ಚಿನಿಂದ ಹೊರಗಿದೆ ಎಂದರ್ಥ. ಇಲ್ಲಿ ಅದು ಉಳಿದೆರಡಕ್ಕಿಂತ ಉದ್ದವಾಗಿತ್ತು, ಅದರಲ್ಲಿ ‘ಕನ್ನಡ’ ಎಂಬ ಪದವೇ ಇರಲಿಲ್ಲ, ‘ಪ್ರಯತ್ನಿಸಿ’ ಎಂಬ ಕ್ರಿಯೆ ಓದಿಸುವುದನ್ನು ಹಿಂದಕ್ಕೆ ತಳ್ಳಿತ್ತು. ‘ಮಲಗುವಾಗ ಕನ್ನಡ ಓದಿಸಿ’ ಎಂಬ ರೂಪ ಬಂದದ್ದು ಈ ಸಂಜೆಯ ನಂತರ. ಮೂರೂ ವಿಷಯಗಳು ನೆನಪಿದ್ದು ಪದಗಳು ಮಾತ್ರ ಬೇರೆಯಾಗಿ ಬಂದರೆ ಅಷ್ಟು ಚಿಂತೆಯಿಲ್ಲ. ಅದಕ್ಕೆ ಬದಲಾಗಿ ಪ್ರಾಸ ನೆನಪಿದೆ, ಏನು ಮಾಡಬೇಕು ಎಂಬುದು ನೆನಪಿಲ್ಲ ಎಂದಾದರೆ ಅಲಂಕಾರ ಹೆಚ್ಚಾಗಿದೆ. ಆಗ ಪ್ರಾಸವನ್ನು ಕೈಬಿಟ್ಟು ಅಚ್ಚನ್ನು ಮಾತ್ರ ಉಳಿಸಬೇಕು. ಕನ್ನಡದಲ್ಲಿ ಒಂದೇ ಪ್ರತ್ಯಯದಿಂದ ಮುಗಿಯುವ ಪದಗಳು ತಾವಾಗಿ ಅಂತ್ಯಪ್ರಾಸ ಕೊಡುವುದರಿಂದ, ಅದರ ಮೇಲೆ ಮತ್ತೆ ಆದಿಪ್ರಾಸವನ್ನೂ ಹೊಂದಿಸಲು ಹೋದಾಗ ಈ ತೊಂದರೆ ಹೆಚ್ಚು.

ವೇದಿಕೆಯ ಮೇಲೆ

ಮೂರು ಸಾಲುಗಳನ್ನು ಅಂಗೈಯಗಲದ ಕಾಗದದಲ್ಲಿ ದೊಡ್ಡ ಅಕ್ಷರಗಳಲ್ಲಿ, ಒಂದರ ಕೆಳಗೊಂದು ಬರೆದಿಟ್ಟುಕೊಳ್ಳಬೇಕು. ಭಾಷಣದ ಉಳಿದ ಭಾಗವನ್ನು ಬಾಯಲ್ಲಿ ಬಂದಂತೆ ಹೇಳಬಹುದು, ಈ ಮೂರನ್ನು ಹಾಗೆ ಬಿಡಬಾರದು. ಪ್ರತಿ ಸಾಲಿನ ನಡುವೆ ಒಂದು ಉಸಿರಿನಷ್ಟು ಬಿಡುವು ಇರಲಿ. ನಮ್ಮ ಹಳೆಯ ಸಭಾಂಗಣಗಳಲ್ಲಿ ಧ್ವನಿವರ್ಧಕದ ಮಾತು ಗೋಡೆಗೆ ಬಡಿದು ಮರಳಿ ಬರುವುದುಂಟು. ಅಲ್ಲಿ ಆ ಪ್ರತಿಧ್ವನಿ ಅಡಗುವವರೆಗೆ ಕಾಯಬೇಕು, ಇಲ್ಲವಾದರೆ ಎರಡನೆಯ ಸಾಲಿನ ‘ಮಲಗುವಾಗ’ ಮೊದಲ ಸಾಲಿನ ‘ಮಾತಾಡಿಸಿ’ಯಲ್ಲಿ ಮುಳುಗಿಹೋಗುತ್ತದೆ. ಮೂರನೆಯ ಸಾಲನ್ನು ಉಳಿದೆರಡಕ್ಕಿಂತ ನಿಧಾನವಾಗಿ ಹೇಳಿ, ದನಿಯನ್ನು ಪೂರ್ತಿ ಇಳಿಸಿ ನಿಲ್ಲಿಸಬೇಕು.

ಭಾಷಣದ ಕೊನೆಯಲ್ಲಿ ‘ನನಗೆ ಮಾತನಾಡಲು ಅವಕಾಶ ಕೊಟ್ಟ ಅಧ್ಯಕ್ಷರಿಗೂ ಪದಾಧಿಕಾರಿಗಳಿಗೂ ವಂದಿಸುತ್ತಾ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ’ ಎಂದು ಹೇಳುವುದು ನಮ್ಮಲ್ಲಿ ರೂಢಿ. ಆ ವಂದನೆಯನ್ನು ಬಿಡಬೇಕಾಗಿಲ್ಲ, ಆದರೆ ಅದರ ಜಾಗವನ್ನು ಬದಲಿಸಬೇಕು. ಮೂರು ಸಾಲುಗಳ ನಂತರ ಅದು ಬಂದರೆ ಕೇಳುಗರ ಕಿವಿಯಲ್ಲಿ ಕೊನೆಗೆ ಉಳಿಯುವುದು ಪದಾಧಿಕಾರಿಗಳ ಹೆಸರುಗಳು. ಕಾರ್ಯಕರ್ತೆಯವರು ವಂದನೆಗಳನ್ನು ಮೊದಲು ಹೇಳಿ ಮುಗಿಸಿ, ‘ಮನೆಗೆ ಹೋಗುವಾಗ ಈ ಮೂರನ್ನು ಮಾತ್ರ ನೆನಪಿಟ್ಟುಕೊಳ್ಳಿ’ ಎಂದು ಹೇಳಿ, ಮೂರು ಸಾಲುಗಳನ್ನು ಎರಡನೆಯ ಸಲ ಹೇಳಿದರು. ‘ಕಳಿಸಿ’ ಎಂದ ಮೇಲೆ ಒಂದು ನಮಸ್ಕಾರ ಮಾಡಿ, ಹೆಸರು ಬರೆದುಕೊಳ್ಳುವ ಪುಸ್ತಕದೊಂದಿಗೆ ಬಾಗಿಲ ಬಳಿಯ ಮೇಜಿಗೆ ಹೋಗಿ ಕುಳಿತರು.